ಯಾವುದು ಎಂದು ಕೇಳಬೇಕಾದವರು ಯಾರು?

ಕನ್ನಡ ಮಾತೃಭಾಷೆಯವರು ಬರೆದ ಇಂಗ್ಲಿಷ್ ಬರಹಗಳನ್ನು ತಿದ್ದುವುದು ಬಹುಕಾಲದಿಂದ ನನ್ನ ಕೆಲಸದ ಭಾಗವಾಗಿದೆ. ಈ ಕೆಲಸದಲ್ಲಿ ನನ್ನನ್ನು ಸದಾ ಕಾಡುವ ಒಂದು ಸಂಗತಿಯಿದೆ. ಕ್ರಿಯಾಪದದ ಕಾಲ ಸರಿಯಾಗಿರುತ್ತದೆ, ಪದಗಳ ಆಯ್ಕೆ ಚೆನ್ನಾಗಿರುತ್ತದೆ, ವಾಕ್ಯಗಳು ಉದ್ದವಾದರೂ ಎಲ್ಲಿಯೂ ಎಡವುವುದಿಲ್ಲ. ಆದರೆ 'ಎ', 'ಆ್ಯನ್', 'ದಿ' ಎಂಬ ಮೂರು ಪುಟ್ಟ ಪದಗಳು ಬೇಕಾದಲ್ಲಿ ಇರುವುದಿಲ್ಲ, ಬೇಡವಾದಲ್ಲಿ ಬಂದು ಕೂತಿರುತ್ತವೆ. ತಿದ್ದಿ ಕೊಟ್ಟರೆ ಬರೆದವರು ತಲೆಯಾಡಿಸುತ್ತಾರೆ, ಮುಂದಿನ ಬರಹದಲ್ಲಿ ಅದೇ ತಪ್ಪು ಮತ್ತೆ ಕಾಣಿಸುತ್ತದೆ. ಇದನ್ನು ಅಜಾಗರೂಕತೆ ಎಂದು ಕರೆಯುವುದು ಸುಲಭ, ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ತಪ್ಪುಗಳಿಗೆ ಒಂದು ಕ್ರಮವಿದೆ, ಮತ್ತು ಕ್ರಮವಿರುವ ತಪ್ಪಿನ ಹಿಂದೆ ಯಾವುದೋ ಒಂದು ನಿಯಮ ಕೆಲಸ ಮಾಡುತ್ತಿರುತ್ತದೆ. ಹಾಗಾದರೆ ನಮ್ಮವರು ಪಾಲಿಸುತ್ತಿರುವ ಆ ನಿಯಮ ಯಾವುದು?

ಶಾಲೆಯಲ್ಲಿ ನಮ್ಮೆಲ್ಲರಿಗೂ ಹೇಳಿಕೊಟ್ಟ ಸೂತ್ರ ಒಂದೇ: ಮೊದಲ ಬಾರಿ ಹೇಳುವಾಗ 'ಎ', ಅದನ್ನೇ ಮತ್ತೆ ಹೇಳುವಾಗ 'ದಿ'. ಅದರ ಜೊತೆಗೆ ಸೂರ್ಯ, ಚಂದ್ರ, ಭೂಮಿಗಳಿಗೆ 'ದಿ' ಎಂಬ ಒಂದು ಪಟ್ಟಿ. ಸೂತ್ರ ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ನಂಬಿ ಬರೆಯಲು ಕುಳಿತವರು ಎರಡನೆಯ ವಾಕ್ಯಕ್ಕೇ ದಾರಿ ತಪ್ಪುತ್ತಾರೆ. ಮಾಸ್ಸಿಮೊ ಪೊಯೆಸಿಯೊ ಮತ್ತು ರೆನಾಟಾ ವಿಯೇರಾ ಎಂಬ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇಂಗ್ಲಿಷ್ ಪತ್ರಿಕಾ ಬರಹಗಳಲ್ಲಿ 'ದಿ' ಎಲ್ಲೆಲ್ಲಿ ಬಂದಿದೆ ಎಂದು ಪರಿಶೀಲಿಸಿದಾಗ, ಸುಮಾರು ಅರ್ಧದಷ್ಟು ಕಡೆ ಆ ವಸ್ತುವಿನ ಪ್ರಸ್ತಾಪ ಅದೇ ಮೊದಲ ಬಾರಿಗೆ ಆಗಿತ್ತು. ಅಂದರೆ ಶಾಲೆಯ ಸೂತ್ರ ವಿವರಿಸುವುದು ಹೆಚ್ಚೆಂದರೆ ಅರ್ಧ ಭಾಷೆಯನ್ನು ಮಾತ್ರ. ಉಳಿದ ಅರ್ಧವನ್ನು ಊಹೆಗೆ ಬಿಟ್ಟರೆ ಕಲಿಯುವವರು ತಮ್ಮ ಭಾಷೆಯ ಅಭ್ಯಾಸವನ್ನೇ ಅಲ್ಲಿ ತುಂಬುತ್ತಾರೆ.

ಹಳೆಯ ಸೈಕಲ್ಲಿನ ಕಥೆ

ಒಮ್ಮೆ ತರಗತಿಯಲ್ಲಿ ತಮಗೆ ಇತ್ತೀಚೆಗೆ ಆದ ಒಂದು ಅನುಭವವನ್ನು ಏಳೆಂಟು ವಾಕ್ಯಗಳಲ್ಲಿ ಬರೆಯಿರಿ ಎಂದಿದ್ದೆ. ಒಬ್ಬ ಹುಡುಗಿ ಸೈಕಲ್ ಕೊಂಡ ಕಥೆ ಬರೆದಿದ್ದಳು. ಅವಳ ಇಂಗ್ಲಿಷ್ ಹೀಗಿತ್ತು: 'ಲಾಸ್ಟ್ ಮಂತ್ ಐ ಬಾಟ್ ಓಲ್ಡ್ ಬೈಸಿಕಲ್. ಫ್ರಂಟ್ ಬ್ರೇಕ್ ವಾಸ್ ಲೂಸ್. ಸ್ಪೋಕ್ ವಾಸ್ ಬ್ರೋಕನ್. ಯೆಸ್ಟರ್‌ಡೇ ಚೈನ್ ಕೇಮ್ ಆಫ್. ಐ ನೀಡೆಡ್ ಮೆಕ್ಯಾನಿಕ್. ಐ ನೋ ದಿ ಮೆಕ್ಯಾನಿಕ್ ಹೂ ರಿಪೇರ್ಸ್ ಓನ್ಲಿ ಓಲ್ಡ್ ಬೈಸಿಕಲ್ಸ್. ಮೆಕ್ಯಾನಿಕ್ ಟೈಟನ್ಡ್ ಬ್ರೇಕ್ ಆ್ಯಂಡ್ ಗೇವ್ ಮಿ ಆ್ಯನ್ ಅಡ್ವೈಸ್.'

ಕಥೆ ಅರ್ಥವಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇದನ್ನು ತಿದ್ದಲು ಹೊರಟರೆ ಪ್ರತಿ ನಾಮಪದದ ಮುಂದೆಯೂ ಬೇರೆ ಬೇರೆ ಕಾರಣಕ್ಕೆ ನಿಲ್ಲಬೇಕಾಗುತ್ತದೆ. ಸೈಕಲ್ಲಿಗೆ 'ಆ್ಯನ್ ಓಲ್ಡ್ ಬೈಸಿಕಲ್' ಎಂದಾಗಬೇಕು; ಇದು ಶಾಲೆಯ ಸೂತ್ರಕ್ಕೂ ಒಪ್ಪುತ್ತದೆ. ಮುಂದಿನದು ಬ್ರೇಕು. ಅದರ ಪ್ರಸ್ತಾಪ ಮೊದಲ ಬಾರಿಗೆ ಬರುತ್ತಿದೆ, ಆದ್ದರಿಂದ ಸೂತ್ರದ ಪ್ರಕಾರ 'ಎ ಫ್ರಂಟ್ ಬ್ರೇಕ್' ಎನ್ನಬೇಕಿತ್ತು. ಹಾಗೆಂದರೆ ಇಂಗ್ಲಿಷ್ ಕಿವಿಗೆ ಆ ಸೈಕಲ್ಲಿಗೆ ಮುಂದಿನ ಬ್ರೇಕುಗಳು ಹಲವಿದ್ದು ಅವುಗಳಲ್ಲಿ ಒಂದು ಸಡಿಲವಾಗಿತ್ತು ಎಂದು ಕೇಳಿಸುತ್ತದೆ. ಸೈಕಲ್ ಎಂದು ಹೇಳಿದ ಕ್ಷಣವೇ ಅದಕ್ಕೆ ಮುಂದೊಂದು ಬ್ರೇಕು ಇರುತ್ತದೆ, ಒಂದೇ ಇರುತ್ತದೆ ಎಂದು ಓದುಗನಿಗೆ ತಿಳಿದಿದೆ. ಆದ್ದರಿಂದ 'ದಿ ಫ್ರಂಟ್ ಬ್ರೇಕ್'. ಚೈನಿನ ವಿಷಯವೂ ಹಾಗೆಯೇ. ಸೈಕಲ್ಲಿಗೆ ಇರುವುದು ಒಂದು ಚೈನು, ಆದ್ದರಿಂದ 'ದಿ ಚೈನ್ ಕೇಮ್ ಆಫ್'.

ಆದರೆ ಸ್ಪೋಕು? ಅದೂ ಅದೇ ಸೈಕಲ್ಲಿನ ಭಾಗ, ಅದೂ ಮೊದಲ ಬಾರಿಗೆ ಬಂದಿದೆ. ಆದರೂ ಅಲ್ಲಿ 'ಎ ಸ್ಪೋಕ್ ವಾಸ್ ಬ್ರೋಕನ್' ಎಂದೇ ಆಗಬೇಕು. ಚಕ್ರದಲ್ಲಿ ಹತ್ತಾರು ಸ್ಪೋಕುಗಳಿರುತ್ತವೆ, ಮುರಿದದ್ದು ಅವುಗಳಲ್ಲಿ ಯಾವುದೋ ಒಂದು. ಯಾವುದು ಎಂದು ಓದುಗ ಗುರುತಿಸಲಾರ. ಬ್ರೇಕು ಎಂಬಲ್ಲಿ 'ಫ್ರಂಟ್' ಎಂಬ ಪದವನ್ನು ತೆಗೆದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎರಡು ಬ್ರೇಕುಗಳಲ್ಲಿ ಒಂದು ಮಾತ್ರ ಸಡಿಲವಾಗಿದ್ದರೆ 'ಒನ್ ಆಫ್ ದಿ ಬ್ರೇಕ್ಸ್' ಎನ್ನಬೇಕು. ಎರಡೂ ಸಡಿಲವಾಗಿದ್ದರೆ 'ದಿ ಬ್ರೇಕ್ಸ್ ವರ್ ಲೂಸ್'. ಬಹುವಚನದ ಮುಂದೆ ಬಂದ 'ದಿ' ಅಲ್ಲಿರುವ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಏಕವಚನದ ಮುಂದೆ ಬಂದಾಗ ಈ ಸಂದರ್ಭದಲ್ಲಿ ಇರುವುದು ಇದೊಂದೇ ಎನ್ನುತ್ತದೆ. ಎರಡೂ ಒಂದೇ ಮಾತಿನ ಎರಡು ರೂಪಗಳು: ಓದುಗನಿಗೆ ಇಲ್ಲಿ ಆರಿಸುವ ಕೆಲಸ ಉಳಿದಿಲ್ಲ.

ಇಲ್ಲಿಯವರೆಗೆ ಆ ಹುಡುಗಿ ಒಪ್ಪಿದಳು. ಜಗಳ ಶುರುವಾದದ್ದು ಮೆಕ್ಯಾನಿಕ್ಕಿನ ಹತ್ತಿರ. ಅವಳು ಇಡೀ ಕಥೆಯಲ್ಲಿ ಒಂದೇ ಒಂದು ಕಡೆ 'ದಿ' ಬಳಸಿದ್ದಳು, ಅದನ್ನೇ ನಾನು ಹೊಡೆದು ಹಾಕಿ 'ಎ ಮೆಕ್ಯಾನಿಕ್' ಎಂದು ಬರೆದಿದ್ದೆ. 'ಮೇಡಂ, ಆ ಮೆಕ್ಯಾನಿಕ್ ನನಗೆ ಗೊತ್ತಿರುವವರೇ. ಯಾರೋ ಒಬ್ಬರಲ್ಲ. ಹಾಗಿದ್ದರೆ ದಿ ಅಂತ ಯಾಕೆ ಬರೀಬಾರದು?' ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, 'ನಿನಗೆ ಗೊತ್ತು, ನಮಗೆಲ್ಲಿ ಗೊತ್ತು?' ಎಂದ. ಅವನು ತಮಾಷೆಗೆ ಅಂದದ್ದು. ಆದರೆ ಆ ದಿನ ತರಗತಿಯಲ್ಲಿ ಹೇಳಬೇಕಾದದ್ದೆಲ್ಲ ಆ ಮಾತಿನಲ್ಲೇ ಇತ್ತು.

ಹೇಳುವವರ ತಿಳಿವು, ಕೇಳುವವರ ತಿಳಿವು

ಆರ್ಟಿಕಲ್ ಇಲ್ಲದ ಭಾಷೆಯಿಂದ ಬಂದವರು ಇಂಗ್ಲಿಷಿನ 'ದಿ'ಯನ್ನು 'ಒಂದು ನಿರ್ದಿಷ್ಟ ವಸ್ತು' ಎಂದು ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ವ್ಯಾಕರಣ ಪುಸ್ತಕಗಳೂ ಹಾಗೆಯೇ ಹೇಳುತ್ತವೆ. ನಿರ್ದಿಷ್ಟ ಎಂದರೆ ಯಾರಿಗೆ ನಿರ್ದಿಷ್ಟ ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ. ಮಾತನಾಡುವವರ ಮನಸ್ಸಿನಲ್ಲಿ ಒಬ್ಬ ವ್ಯಕ್ತಿ ಸ್ಪಷ್ಟವಾಗಿ ನಿಂತಿದ್ದರೆ ಅದು ನಿರ್ದಿಷ್ಟವೇ ಆಯಿತಲ್ಲ ಎಂಬುದು ಆ ಹುಡುಗಿಯ ವಾದ. ಇಂಗ್ಲಿಷಿಗೆ ಅದು ಸಾಲದು. ಇಂಗ್ಲಿಷ್ ಕೇಳುವ ಪ್ರಶ್ನೆ ಬೇರೆ: ಕೇಳುವವರು 'ಯಾವುದು?' ಅಥವಾ 'ಯಾರು?' ಎಂದು ಮರುಪ್ರಶ್ನೆ ಹಾಕದೆ ಮುಂದೆ ಹೋಗಬಲ್ಲರೇ? ಹೋಗಬಲ್ಲರಾದರೆ 'ದಿ'. ಇಲ್ಲವಾದರೆ, ಹೇಳುವವರಿಗೆ ಆ ವ್ಯಕ್ತಿ ಎಷ್ಟೇ ಚೆನ್ನಾಗಿ ಗೊತ್ತಿರಲಿ, 'ಎ'.

ಇದು ನಮ್ಮವರದೊಂದೇ ತೊಡಕಲ್ಲ. ತಾನಿಯಾ ಅಯೋನಿನ್, ಹೀಜಿಯಾಂಗ್ ಕೋ ಮತ್ತು ಕೆನ್ ವೆಕ್ಸ್‌ಲರ್ 2004ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ರಷ್ಯನ್ ಮತ್ತು ಕೊರಿಯನ್ ಮಾತೃಭಾಷೆಯ ಕಲಿಯುವವರನ್ನು ಪರೀಕ್ಷಿಸಿದ್ದರು. ಆ ಎರಡು ಭಾಷೆಗಳಲ್ಲಿಯೂ ಆರ್ಟಿಕಲ್ ಇಲ್ಲ. ತಪ್ಪುಗಳು ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿಯಾಗಿರದೆ ಎರಡು ಜಾಗಗಳಲ್ಲಿ ಗುಂಪುಗೂಡಿದ್ದವು. ಹೇಳುವವರ ಮನಸ್ಸಿನಲ್ಲಿ ಇಂಥದ್ದೇ ಎಂದು ಇದ್ದು ಕೇಳುವವರಿಗೆ ಗೊತ್ತಿಲ್ಲದಲ್ಲಿ ಅವರು 'ಎ' ಬದಲು 'ದಿ' ಹಾಕುತ್ತಿದ್ದರು. ಒಂದೇ ಒಂದು ಇದೆ ಎಂದು ಇಬ್ಬರಿಗೂ ಗೊತ್ತಿದ್ದು ಅದು ಯಾರೆಂದು ಹೇಳುವವರಿಗೇ ಗೊತ್ತಿಲ್ಲದಲ್ಲಿ 'ದಿ' ಬದಲು 'ಎ' ಹಾಕುತ್ತಿದ್ದರು. ಮೊದಲನೆಯದು ಸೈಕಲ್ ಹುಡುಗಿಯ ತಪ್ಪು. ಎರಡನೆಯದನ್ನು ನಾನು ಒಬ್ಬ ಸಹೋದ್ಯೋಗಿಯ ಬರಹದಲ್ಲಿ ಬಹಳ ಶುದ್ಧ ರೂಪದಲ್ಲಿ ಕಂಡಿದ್ದೇನೆ.

ಕಚೇರಿಗೆ ಸಹಿಯಿಲ್ಲದ ಒಂದು ಪತ್ರ ಬಂದಿತ್ತು. ಅದರ ಬಗ್ಗೆ ಟಿಪ್ಪಣಿ ಬರೆಯುವಾಗ ಅವರು 'ಎ ರೈಟರ್ ಆಫ್ ದಿಸ್ ಲೆಟರ್ ಈಸ್ ನಾಟ್ ನೋನ್' ಎಂದು ಬರೆದು ನನಗೆ ತೋರಿಸಿದರು. 'ದಿ ರೈಟರ್' ಎಂದಾಗಬೇಕಲ್ಲವೇ ಎಂದೆ. 'ಯಾರು ಬರೆದರು ಅಂತಲೇ ಗೊತ್ತಿಲ್ಲ, ದಿ ಹೇಗೆ ಹಾಕೋದು ಮೇಡಂ? ಗೊತ್ತಿಲ್ಲದವರಿಗೆ ಎ ತಾನೆ?' ಎಂದರು. ಅವರ ತರ್ಕದಲ್ಲಿ ಲೋಪವೇನೂ ಇರಲಿಲ್ಲ. ಅವರು ಹೊರಟ ನಿಯಮವೇ ಬೇರೆಯಾಗಿತ್ತು. ಆ ವ್ಯಕ್ತಿಯ ಹೆಸರು, ಮುಖ, ಊರು ಯಾವುದೂ ಯಾರಿಗೂ ಗೊತ್ತಿರಬೇಕಾಗಿಲ್ಲ. ಒಂದು ಪತ್ರಕ್ಕೆ ಒಬ್ಬರು ಬರೆದವರು ಇರುತ್ತಾರೆ ಎಂಬುದಷ್ಟೇ ಸಾಕು. ಓದುವವರು 'ಈ ಪತ್ರ ಬರೆದವರು' ಎಂಬ ಒಂದು ಜಾಗವನ್ನು ಮನಸ್ಸಿನಲ್ಲಿ ಗುರುತಿಸಬಲ್ಲರು, ಆ ಜಾಗದಲ್ಲಿ ಒಬ್ಬರಿಗೆ ಮಾತ್ರ ಎಡೆಯಿದೆ. ಆದ್ದರಿಂದ 'ದಿ ರೈಟರ್'. ಅವರು ಬರೆದಂತೆ 'ಎ ರೈಟರ್' ಎಂದು ಉಳಿಸಿದರೆ, ಪತ್ರವನ್ನು ಹಲವರು ಸೇರಿ ಬರೆದಿದ್ದು ಅವರಲ್ಲಿ ಒಬ್ಬರ ಪತ್ತೆಯಿಲ್ಲ ಎಂಬ ಅರ್ಥ ಬಂದು, ಟಿಪ್ಪಣಿ ಓದಿದ ಮೇಲಧಿಕಾರಿ ಉಳಿದವರು ಯಾರು ಎಂದು ಕೇಳುವ ಸಾಧ್ಯತೆಯಿತ್ತು.

ಕನ್ನಡದಲ್ಲಿ ಇದೆಲ್ಲ ಇಲ್ಲವೇ?

ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಎಂದರೆ ಗೊತ್ತಿರುವುದು ಮತ್ತು ಗೊತ್ತಿಲ್ಲದಿರುವುದರ ಭೇದವೇ ನಮಗಿಲ್ಲ ಎಂದಲ್ಲ. 'ಮೇಜಿನ ಮೇಲೆ ಪುಸ್ತಕ ಇದೆ' ಎಂಬುದಕ್ಕೂ 'ಪುಸ್ತಕ ಮೇಜಿನ ಮೇಲೆ ಇದೆ' ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಯಾರೂ ನಮಗೆ ಕಲಿಸಿಲ್ಲ. ಮೊದಲನೆಯದು ಮೇಜಿನ ಮೇಲೆ ಏನಿದೆ ಎಂದು ಕೇಳಿದವರಿಗೆ ಕೊಡುವ ಉತ್ತರ, ಅಲ್ಲಿ ಪುಸ್ತಕ ಹೊಸ ಸುದ್ದಿ. ಇಂಗ್ಲಿಷಿನಲ್ಲಿ 'ದೇರ್ ಈಸ್ ಎ ಬುಕ್'. ಎರಡನೆಯದು ಪುಸ್ತಕ ಎಲ್ಲಿ ಎಂದು ಹುಡುಕುತ್ತಿರುವವರಿಗೆ ಹೇಳುವ ಮಾತು, ಪುಸ್ತಕ ಯಾವುದೆಂದು ಇಬ್ಬರಿಗೂ ಗೊತ್ತು. ಅಲ್ಲಿ 'ದಿ ಬುಕ್'. ಇಂಗ್ಲಿಷ್ ಒಂದು ಪದದಿಂದ ಮಾಡುವ ಕೆಲಸವನ್ನು ಕನ್ನಡ ಪದಗಳ ಸ್ಥಾನದಿಂದ ಮಾಡುತ್ತದೆ. ಇರುವಿಕೆಯನ್ನು ಹೇಳುವ ವಾಕ್ಯಗಳಲ್ಲಿ ಈ ಪರೀಕ್ಷೆ ಬಹಳ ಮಟ್ಟಿಗೆ ಕೈಕೊಡುವುದಿಲ್ಲ. ವಾಕ್ಯ ಬರೆಯುವ ಮುನ್ನ ಅದನ್ನು ಕನ್ನಡದಲ್ಲಿ ಹೇಳಿಕೊಂಡು, ನಾಮಪದ ಮೊದಲು ಬಂತೋ ಕ್ರಿಯಾಪದದ ಪಕ್ಕಕ್ಕೆ ಬಂತೋ ನೋಡಿದರೆ ಸಾಕು.

ಕಥೆ ಹೇಳುವ ರೀತಿಯನ್ನೂ ಗಮನಿಸಬಹುದು. 'ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ರಾಜನಿಗೆ ಇಬ್ಬರು ಹೆಂಡಿರು.' ಮೊದಲು 'ಒಬ್ಬ', ಆಮೇಲೆ ಬರಿದೇ 'ರಾಜ'. ನಮ್ಮಲ್ಲಿ ಕರ್ತೃಸ್ಥಾನದಲ್ಲಿ ಬರಿದಾಗಿ ನಿಂತ ನಾಮಪದ ಸಾಮಾನ್ಯವಾಗಿ ಗೊತ್ತಿರುವುದನ್ನೇ ಸೂಚಿಸುತ್ತದೆ. 'ಡ್ರೈವರ್ ಬಂದ' ಎಂದರೆ ಯಾವ ಡ್ರೈವರ್ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದಲೇ ನಮ್ಮವರು 'ಮೆಕ್ಯಾನಿಕ್ ಟೈಟನ್ಡ್ ಬ್ರೇಕ್' ಎಂದು ಬರೆಯುವಾಗ ಅವರಿಗೆ ಏನೋ ಬಿಟ್ಟುಹೋಗಿದೆ ಎಂದು ಅನ್ನಿಸುವುದೇ ಇಲ್ಲ. ಕನ್ನಡದ ಲೆಕ್ಕದಲ್ಲಿ ಆ ಬರಿಯ ಪದದೊಳಗೇ 'ದಿ' ಅಡಗಿದೆ. ಕೆಲವರು ಇದಕ್ಕೆ ಪರಿಹಾರವಾಗಿ 'ದಿ' ಎಂದರೆ 'ಆ' ಎಂದು ಹೇಳಿಕೊಡುತ್ತಾರೆ. ಇತಿಹಾಸದಲ್ಲಿ 'ದಿ' ಹುಟ್ಟಿದ್ದು 'ಆ' ಎಂಬರ್ಥದ ಪದದಿಂದಲೇ, 'ಎ' ಹುಟ್ಟಿದ್ದು 'ಒಂದು' ಎಂಬುದರಿಂದಲೇ ಎಂಬುದು ನಿಜ. ಆದರೆ ಸೈಕಲ್ಲಿನ ಕಥೆಯಲ್ಲಿ 'ನಿನ್ನೆ ಆ ಚೈನು ಕಳಚಿತು' ಎಂದು ಯಾವ ಕನ್ನಡಿಗರೂ ಹೇಳುವುದಿಲ್ಲ, ಇಂಗ್ಲಿಷಿನಲ್ಲಿ ಮಾತ್ರ 'ದಿ' ಬೇಕೇ ಬೇಕು. ಈ ಸಮೀಕರಣದಿಂದ ಆಗಿರುವ ಸಹಾಯಕ್ಕಿಂತ ತೊಂದರೆಯೇ ಹೆಚ್ಚು ಎಂದು ನನ್ನ ಅಭಿಪ್ರಾಯ.

ದ್ವಿತೀಯಾ ವಿಭಕ್ತಿಯ ವಿಷಯ ಇನ್ನಷ್ಟು ಸೂಕ್ಷ್ಮ. 'ರಾತ್ರಿ ಪುಸ್ತಕ ಓದಿದೆ' ಎಂದರೆ ಮಾಡಿದ ಕೆಲಸ ಓದುವುದು, ಯಾವ ಪುಸ್ತಕವಾದರೂ ಆಗಬಹುದು. 'ರಾತ್ರಿ ಪುಸ್ತಕವನ್ನು ಓದಿದೆ' ಎಂದರೆ ಮನಸ್ಸಿನಲ್ಲಿ ಒಂದು ಪುಸ್ತಕವಿದೆ. 'ಅನ್ನು' ಬಂದಲ್ಲೆಲ್ಲ 'ದಿ' ಹಾಕಬಹುದಲ್ಲ ಎಂದು ಆಸೆಯಾಗುತ್ತದೆ. ಆದರೆ ಅದು ಒಳ್ಳೆಯ ಆಸರೆಯಲ್ಲ. ಮನುಷ್ಯರ ವಿಷಯಕ್ಕೆ ಬಂದರೆ 'ಒಬ್ಬ ಹುಡುಗನನ್ನು ನೋಡಿದೆ' ಎಂಬಲ್ಲಿ ಆ ಹುಡುಗ ಯಾರೇ ಆಗಿರಲಿ ವಿಭಕ್ತಿ ಬರಲೇಬೇಕು. ಬರವಣಿಗೆಯ ಕನ್ನಡದಲ್ಲಂತೂ ಗಾಂಭೀರ್ಯಕ್ಕಾಗಿಯೇ 'ಅನ್ನು' ಸೇರಿಸುವ ರೂಢಿಯಿದೆ. ಎಲ್ಲಕ್ಕಿಂತ ಮುಖ್ಯವಾಗಿ 'ಒಂದು ಪುಸ್ತಕವನ್ನು ಓದಿದೆ' ಎಂದು ನಾವು ಸಹಜವಾಗಿ ಹೇಳುತ್ತೇವೆ. ಪುಸ್ತಕ ಹೇಳುವವರಿಗೆ ಗೊತ್ತು, ಕೇಳುವವರಿಗೆ ಹೊಸದು. ಅಂದರೆ ಕನ್ನಡದ 'ಅನ್ನು' ಹೇಳುವವರ ಮನಸ್ಸಿನಲ್ಲಿ ಇರುವುದನ್ನೂ ಎತ್ತಿ ತೋರಿಸುತ್ತದೆ, ಇಂಗ್ಲಿಷಿನ 'ದಿ' ಹಾಗೆ ಮಾಡುವುದಿಲ್ಲ. ಸೈಕಲ್ ಹುಡುಗಿ 'ಐ ನೋ ದಿ ಮೆಕ್ಯಾನಿಕ್' ಎಂದು ಬರೆದಾಗ ಅವಳ ಕಿವಿಯಲ್ಲಿ 'ಒಬ್ಬ ಮೆಕ್ಯಾನಿಕ್ಕನ್ನು ಬಲ್ಲೆ' ಎಂಬಂಥ ವಾಕ್ಯ ಓಡುತ್ತಿತ್ತೆಂದು ನನ್ನ ಊಹೆ. ಆ 'ಅನ್ನು' ಅವಳ ಕೈಯಲ್ಲಿ 'ದಿ' ಬರೆಸಿತು.

ಅದಕ್ಕಿಂತ ಮೊದಲಿನ ಪ್ರಶ್ನೆ

'ಯಾವುದು' ಎಂಬ ಪ್ರಶ್ನೆಗೆ ಹೋಗುವ ಮುನ್ನ ಇನ್ನೊಂದು ಬಾಗಿಲು ದಾಟಬೇಕು, ಮತ್ತು ನನ್ನ ಅನುಭವದಲ್ಲಿ ಹೆಚ್ಚು ತಪ್ಪುಗಳು ಆಗುವುದು ಅಲ್ಲಿಯೇ. ಈ ಪದವನ್ನು ಇಂಗ್ಲಿಷ್ ಎಣಿಸುತ್ತದೆಯೇ? ಎಣಿಸುವ ಪದ ಏಕವಚನದಲ್ಲಿದ್ದರೆ ಅದು ಬರಿದಾಗಿ ನಿಲ್ಲುವಂತಿಲ್ಲ. 'ಎ', 'ದಿ', 'ಮೈ', 'ದಿಸ್', ಹೀಗೆ ಏನಾದರೊಂದು ಅದರ ಮುಂದೆ ಇರಬೇಕು. ಕನ್ನಡದಲ್ಲಿ ಈ ಪ್ರಶ್ನೆ ಏಳುವುದೇ ಕಡಿಮೆ. 'ಎರಡು ಪುಸ್ತಕ ಕೊಡಿ' ಎನ್ನುತ್ತೇವೆ, 'ಗಳು' ಸೇರಿಸಬೇಕೆಂಬ ಬಲವಂತವಿಲ್ಲ. 'ಎರಡು ಸಲಹೆ ಕೊಟ್ಟರು' ಎಂದೂ ಅಷ್ಟೇ ಸುಲಭವಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಪುಸ್ತಕವನ್ನು ಎಣಿಸಬಹುದು, 'ಅಡ್ವೈಸ್' ಅನ್ನು ಎಣಿಸುವಂತಿಲ್ಲ. ಆದ್ದರಿಂದ 'ಆ್ಯನ್ ಅಡ್ವೈಸ್' ಆಗದು. 'ಸಮ್ ಅಡ್ವೈಸ್' ಅಥವಾ 'ಎ ಪೀಸ್ ಆಫ್ ಅಡ್ವೈಸ್' ಎನ್ನಬೇಕು. 'ಇನ್‌ಫರ್ಮೇಶನ್', 'ಫರ್ನಿಚರ್', 'ಇಕ್ವಿಪ್‌ಮೆಂಟ್', 'ಲಗೇಜ್' ಇದೇ ಜಾತಿಗೆ ಸೇರಿದವು. ವಸ್ತುವನ್ನು ನೋಡಿ ಇದನ್ನು ನಿರ್ಧರಿಸಲಾಗದು, ಏಕೆಂದರೆ ಕುರ್ಚಿಗಳು ಕಣ್ಣೆದುರಿಗೇ ನಾಲ್ಕಿದ್ದರೂ 'ಫರ್ನಿಚರ್' ನಾಲ್ಕಾಗುವುದಿಲ್ಲ. ಹೊಸ ಪದ ಕಲಿಯುವಾಗ ನಿಘಂಟಿನಲ್ಲಿ ಅದರ ಪಕ್ಕದಲ್ಲಿರುವ ಗುರುತನ್ನೂ ನೋಡಿಕೊಳ್ಳುವುದೊಂದೇ ದಾರಿ.

ಸಾಮಾನ್ಯ ಸಂಗತಿ ಹೇಳುವಾಗಲೂ ಇದೇ ಕಾರಣಕ್ಕೆ ಎಡವುತ್ತೇವೆ. 'ನಾಯಿ ನಿಯತ್ತಿನ ಪ್ರಾಣಿ' ಎಂದು ನಾವು ಏಕವಚನದಲ್ಲಿ ಇಡೀ ಜಾತಿಯ ಬಗ್ಗೆ ಹೇಳುತ್ತೇವೆ. ಅದನ್ನು 'ಡಾಗ್ ಈಸ್ ಫೇತ್‌ಫುಲ್ ಅನಿಮಲ್' ಎಂದು ದಾಟಿಸಿದರೆ ಒಂದೇ ವಾಕ್ಯದಲ್ಲಿ ಎರಡು ಪದಗಳು ಬರಿದಾಗಿ ನಿಲ್ಲುತ್ತವೆ. 'ಡಾಗ್ಸ್ ಆರ್ ಫೇತ್‌ಫುಲ್ ಅನಿಮಲ್ಸ್' ಎಂದು ಬಹುವಚನಕ್ಕೆ ತಿರುಗಿಸಿದರೆ ಆರ್ಟಿಕಲ್ಲಿನ ಗೊಡವೆಯೇ ಇರುವುದಿಲ್ಲ. ಸಂದೇಹವಿದ್ದಾಗ ನಾನು ಸೂಚಿಸುವುದು ಇದನ್ನೇ.

'ಎ' ಮತ್ತು 'ಆ್ಯನ್' ನಡುವಿನ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದು ಅರ್ಥದ ಪ್ರಶ್ನೆಯಲ್ಲ, ಉಚ್ಚಾರಣೆಯದು. ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಉತ್ತರ ಕಾಣುತ್ತದೆ: 'ಯೂನಿವರ್ಸಿಟಿ' ಯಕಾರದಿಂದ ಶುರುವಾಗುವುದರಿಂದ 'ಎ', 'ಅವರ್' ಸ್ವರದಿಂದ ಶುರುವಾಗುವುದರಿಂದ 'ಆ್ಯನ್'. 'ಒನ್' ಎಂಬುದೊಂದು ನಮ್ಮ ಲಿಪಿ ಮೋಸ ಮಾಡುವ ಪದ. ಇಂಗ್ಲಿಷಿನಲ್ಲಿ ಅದು ವಕಾರದಿಂದ ಶುರುವಾಗುತ್ತದೆ, ಆದ್ದರಿಂದ 'ಎ ಒನ್-ವೇ ರೋಡ್'.

ಆಯ್ಕೆ ಬರೆಯುವವರದಾದಾಗ

'ಗೋ ಟು ಸ್ಕೂಲ್', 'ಬೈ ಬಸ್' ಎಂಬಂಥ ಪ್ರಯೋಗಗಳನ್ನೂ, ನದಿಗೆ 'ದಿ' ಬಂದು ಸರೋವರಕ್ಕೆ ಬರದಿರುವಂಥ ಹೆಸರುಗಳ ರೂಢಿಯನ್ನೂ ಯಾವ ಪ್ರಶ್ನೆಯಿಂದಲೂ ಬಿಡಿಸಲಾಗದು. ಅಸ್ವಸ್ಥರಾಗಿ ದಾಖಲಾದವರ ಬಗ್ಗೆ ಬ್ರಿಟಿಷರು 'ಇನ್ ಹಾಸ್ಪಿಟಲ್' ಎನ್ನುತ್ತಾರೆ, ಅಮೆರಿಕನ್ನರು 'ಇನ್ ದಿ ಹಾಸ್ಪಿಟಲ್' ಎನ್ನುತ್ತಾರೆ. ಅವರವರಲ್ಲೇ ಒಮ್ಮತವಿಲ್ಲದ ಕಡೆ ನಾವು ತರ್ಕ ಹುಡುಕಿ ಪ್ರಯೋಜನವಿಲ್ಲ. ಇವು ಕಿವಿಯಿಂದ ಬರಬೇಕಾದವು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಎರಡೂ ರೂಪಗಳು ವ್ಯಾಕರಣದ ಪ್ರಕಾರ ಸರಿಯಿದ್ದು ಅರ್ಥ ಮಾತ್ರ ಬದಲಾಗುವ ಜಾಗಗಳು. ಯಂತ್ರವೊಂದು ಕೆಟ್ಟುನಿಂತ ಬಗ್ಗೆ ವರದಿ ಬರೆಯುತ್ತಿದ್ದೇವೆ ಎಂದುಕೊಳ್ಳೋಣ. 'ಪೂರ್ ಮೇಂಟೆನೆನ್ಸ್ ವಾಸ್ ಎ ಕಾಸ್ ಆಫ್ ದಿ ಫೇಲ್ಯೂರ್' ಎಂದರೆ ಸರಿಯಾಗಿ ನೋಡಿಕೊಳ್ಳದಿದ್ದುದು ಕಾರಣಗಳಲ್ಲಿ ಒಂದು, ಬೇರೆಯವೂ ಇರಬಹುದು. ಅಲ್ಲಿಯೇ 'ದಿ ಕಾಸ್' ಎಂದು ಬರೆದರೆ ಕಾರಣ ಇದೊಂದೇ ಎಂದು ತೀರ್ಪು ಕೊಟ್ಟಂತಾಯಿತು, ಹೊಣೆಯೆಲ್ಲ ನೋಡಿಕೊಳ್ಳಬೇಕಾದವರ ಮೇಲೆ ಬಿತ್ತು. ಕನ್ನಡದಲ್ಲಿ 'ಸರಿಯಾಗಿ ನೋಡಿಕೊಳ್ಳದಿದ್ದುದು ಕೆಡಲು ಕಾರಣ' ಎಂದು ಬರೆದು, ಒಂದೇ ಕಾರಣವೋ ಹಲವುಗಳಲ್ಲಿ ಒಂದೋ ಎಂಬುದನ್ನು ಓದುಗರಿಗೆ ಬಿಡಬಹುದು. ಒತ್ತಿ ಹೇಳಬೇಕಾದರೆ 'ಒಂದು ಕಾರಣ', 'ಕಾರಣವೇ ಇದು' ಎಂದು ಬೇರೆಯಾಗಿ ಹೇಳುತ್ತೇವೆ. ಇಂಗ್ಲಿಷಿನ ಈ ವಾಕ್ಯ ಆ ಅನುಕೂಲವನ್ನು ಕೊಡುವುದಿಲ್ಲ. 'ಕಾಸ್' ಎಂಬ ಪದ ಎಣಿಸುವಂಥದ್ದು, ಏಕವಚನದಲ್ಲಿದೆ, ಬರಿದಾಗಿ ನಿಲ್ಲದು. 'ಎ' ಅಥವಾ 'ದಿ' ಎಂದು ಬರೆಯುವ ಮುನ್ನ ವರದಿಗಾರರು ಬೇರೆ ಕಾರಣಗಳು ಇದ್ದವೇ ಎಂದು ಯಂತ್ರದ ಬಳಿಗೆ ಹೋಗಿ ನೋಡಿಕೊಂಡು ಬರಬೇಕಾಗುತ್ತದೆ.